40ರಲ್ಲಿ ಉಳಿದ 12

ಹೊಸ ಸ್ಟಾರ್ಟಪ್ ಕಟ್ಟಿದವರು ಹೂಡಿಕೆದಾರರಿಗೋ ಪಾಲುದಾರರಿಗೋ ಮೊದಲು ಕಳಿಸುವುದು ಒಂದೆರಡು ಪುಟದ ಸಾರಾಂಶ. ಏನು ಮಾಡುತ್ತಿದ್ದೇವೆ, ಇಲ್ಲಿಯವರೆಗೆ ಎಷ್ಟು ನಡೆದಿದೆ, ಯಾರು ಜೊತೆಗೂಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಸಿಗಬೇಕು. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ರಾಮನಗರದ ಕಡೆಯ ಇಬ್ಬರು ಎಂಜಿನಿಯರುಗಳು ಚಾಕಿ ಕೇಂದ್ರಗಳಿಗೆಂದು ಒಂದು ಪೆಟ್ಟಿಗೆ ಮಾಡಿದ್ದಾರೆ. ರೇಷ್ಮೆಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಮಾರುವ ಜಾಗವೇ ಚಾಕಿ ಕೇಂದ್ರ. ಅಲ್ಲಿ 27–28 ಡಿಗ್ರಿ ಶಾಖ, ಶೇ 85–90 ತೇವ ಇರಬೇಕು. ತೇವ ಇಳಿದರೆ ಸೊಪ್ಪು ಬೇಗ ಬಾಡುತ್ತದೆ, ಎಳೆ ಹುಳು ಸರಿಯಾಗಿ ಮೇಯುವುದಿಲ್ಲ. ಇವರು ಮೊದಲು ಬರೆದುಕೊಂಡದ್ದು ‘ರೇಷ್ಮೆ ಕೃಷಿಯಲ್ಲಿ ಕ್ರಾಂತಿ ತರುವ ಡಿಜಿಟಲ್ ವೇದಿಕೆ’ ಎಂದು. ಅದನ್ನು ಓದಿದವರಿಗೆ ಏನೂ ತಿಳಿಯದು. ‘ಚಾಕಿ ಮನೆಯ ತೇವ ಇಳಿದ ಕೂಡಲೇ ಫೋನಿಗೆ ಕರೆ ಮಾಡುವ ಪೆಟ್ಟಿಗೆ, ಮಾಲೀಕರಿಗೆ ತಿಂಗಳಿಗೆ 500 ರೂಪಾಯಿ ಬಾಡಿಗೆ’ ಎಂದರೆ ಸಾಕು.

ಇನ್ನು ಪ್ರಗತಿ. ‘40 ಕೇಂದ್ರಗಳಲ್ಲಿ ಅಳವಡಿಸಿದ್ದೇವೆ’ ಎಂಬ ಸಾಲು ಸುಳ್ಳಲ್ಲ. ಆದರೆ ಮೊದಲ ಎರಡು ತಿಂಗಳು ಪೆಟ್ಟಿಗೆ ಪುಕ್ಕಟೆ. ಆಮೇಲೆ ಹಣ ಕೊಡಲು ಒಪ್ಪಿದವರು 14, ಆರನೇ ತಿಂಗಳಲ್ಲೂ ಕೊಡುತ್ತಿರುವವರು 12. ಅಂದರೆ ತಿಂಗಳ ವರಮಾನ 6,000 ರೂಪಾಯಿ. ಅನುಭವಿ ಹೂಡಿಕೆದಾರರು ಮೊದಲು ಹುಡುಕುವುದು ಈ 12ನ್ನೇ. ಅದನ್ನು ಮುಚ್ಚಿಟ್ಟರೆ ಮೊದಲ ಭೇಟಿಯಲ್ಲೇ ಅವರು ಕೇಳಿ ತಿಳಿದುಕೊಳ್ಳುತ್ತಾರೆ, ಆಮೇಲೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ಪ್ರಶಸ್ತಿ, ಒಡಂಬಡಿಕೆ, ಪತ್ರಿಕಾ ವರದಿಗಳನ್ನು ಈ ಜಾಗದಲ್ಲಿ ತುಂಬುವ ಚಾಳಿಯೂ ಇದೆ. ಅವು ಯಾರ ಜೇಬಿನಿಂದಲೂ ಬಂದ ಹಣವಲ್ಲ.

ಬಿಟ್ಟುಹೋದವರ ಕಾರಣ ಬರೆಯುವುದು ಇನ್ನೂ ಒಳ್ಳೆಯದು. ಇಲ್ಲಿ ಕರೆ ಹೋಗುತ್ತಿದ್ದದ್ದು ಪೇಟೆಯಲ್ಲಿರುವ ಮಾಲೀಕರಿಗೆ, ಹುಳುವಿನ ಬಳಿ ಇರುವ ಕೆಲಸಗಾರರಿಗಲ್ಲ. ಅದನ್ನು ಬದಲಿಸಿದ ಮೇಲೆ ಎಷ್ಟು ಜನ ಉಳಿದರು ಎಂಬ ಲೆಕ್ಕ ಸಿಕ್ಕರೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಪಾಲುದಾರರ ವಿಷಯದಲ್ಲಿ ‘ಸಮಾನ ಮನಸ್ಕರಿಗೆ ಸ್ವಾಗತ’ ಎಂದು ಬರೆದರೆ ಯಾರೂ ಬರುವುದಿಲ್ಲ. ಇವರಿಗೆ ಬೇಕಾದವರು ಇಬ್ಬರು. ಪೆಟ್ಟಿಗೆಯ ಅಳತೆ ಸರಿಯೇ ಎಂದು ಪರೀಕ್ಷಿಸಲು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಂಥ ಸಂಸ್ಥೆ ಒಂದು. ಸೋಂಕುನಿವಾರಕ ಮಾರಲು ಹೇಗೂ ಚಾಕಿ ಕೇಂದ್ರಗಳಿಗೆ ಹೋಗಿಬರುವ ವಿತರಕರು ಇನ್ನೊಬ್ಬರು. ವಿತರಕರಿಗೆ ಪ್ರತಿ ಪೆಟ್ಟಿಗೆಗೆ ತಿಂಗಳಿಗೆ 100 ರೂಪಾಯಿ ಕಮಿಷನ್ ಎಂದು ನೇರವಾಗಿ ಬರೆಯಬೇಕು. ಬರೆದರೆ ತಮ್ಮ ಲೆಕ್ಕವೂ ಎದುರಿಗೆ ಬರುತ್ತದೆ: 4,500 ರೂಪಾಯಿ ಖರ್ಚಿನ ಪೆಟ್ಟಿಗೆ 9 ತಿಂಗಳಿಗೆ ಅಸಲು ಕೊಡುತ್ತಿತ್ತು, ಈಗ 11 ದಾಟುತ್ತದೆ. ಅಷ್ಟು ಕಾಲ ಕಂಪನಿ ನಡೆಸಲು ಎಷ್ಟು ಬಂಡವಾಳ ಬೇಕೋ, ಸಾರಾಂಶದ ಕೊನೆಯಲ್ಲಿ ಕೇಳಬೇಕಾದ ಮೊತ್ತ ಅದು.