17 ಬಾಣಗಳ ಲೆಕ್ಕ

ಕಾಲೇಜಿನ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫ್ಲೋಚಾರ್ಟ್‌ನ ಸ್ಕ್ರೀನ್‌ಶಾಟ್ ಬರುತ್ತದೆ. ಜೊತೆಗೆ ‘ಇದಕ್ಕೆ ಸ್ಯೂಡೋಕೋಡ್ ಬರೆದು ತನ್ನಿ’ ಎಂಬ ಸೂಚನೆ. ಸ್ಯೂಡೋಕೋಡ್ ಎಂದರೆ ಯಾವ ಕಂಪ್ಯೂಟರ್ ಭಾಷೆಗೂ ಸೇರದ, ಆದರೆ ಯಾವ ಭಾಷೆಗೆ ಬೇಕಾದರೂ ಇಳಿಸಬಹುದಾದ ಹಂತ ಹಂತದ ಬರಹ. ಹೆಚ್ಚಿನವರು ಚಿತ್ರದ ತಲೆಯಿಂದ ಶುರುಮಾಡಿ, ಕೆಳಕ್ಕಿಳಿಯುವ ‘ಹೌದು’ ಗೆರೆಯನ್ನು ಹಿಡಿದು ಬರೆಯುತ್ತಾ ಹೋಗುತ್ತಾರೆ. ಪಕ್ಕಕ್ಕೆ ಸರಿದು ಮೇಲಕ್ಕೆ ತಿರುಗುವ ‘ಇಲ್ಲ’ ಗೆರೆಗಳಲ್ಲಿ ಒಂದೆರಡು ಅಲ್ಲೇ ಉಳಿದುಬಿಡುತ್ತವೆ. ಬರೆದದ್ದನ್ನು ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬಿಟ್ಟುಹೋದ ಕವಲು ತಾನಾಗಿ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಲೆಕ್ಕ ಹಾಕಿಯೇ ಹಿಡಿಯಬೇಕು.

ಪಾಠಗಳಲ್ಲಿ ಮತ್ತೆ ಮತ್ತೆ ಬರುವ ಎಟಿಎಂ ಚಿತ್ರವನ್ನೇ ತೆಗೆದುಕೊಳ್ಳೋಣ. ನಿಜವಾದ ಯಂತ್ರದ ಕೆಲಸ ಇದಕ್ಕಿಂತ ಬಹಳ ದೊಡ್ಡದು, ಆದರೆ ಕವಲುಗಳನ್ನು ಹಿಡಿಯುವ ಬಗೆ ತಿಳಿಯಲು ಇಷ್ಟು ಸಾಕು. ಇದರಲ್ಲಿ ಅಂಡಾಕಾರ ಇರುವುದು ಆರಂಭಕ್ಕೆ ಮತ್ತು ಮುಕ್ತಾಯಕ್ಕೆ, ಓರೆಯಾದ ಚೌಕಟ್ಟು ಓದುವುದಕ್ಕೆ ಮತ್ತು ತೋರಿಸುವುದಕ್ಕೆ, ಆಯತ ಕೆಲಸಕ್ಕೆ, ವಜ್ರಾಕೃತಿ ಪ್ರಶ್ನೆಗೆ.

ಮೊದಲು ಸ್ಯೂಡೋಕೋಡ್ ಬರೆಯಲು ಹೋಗಬಾರದು. ಚಿತ್ರದ ಪ್ರತಿ ಚೌಕಟ್ಟಿನ ಮೇಲೂ ಪೆನ್ಸಿಲಿನಲ್ಲಿ ಒಂದೊಂದು ಸಂಖ್ಯೆ ಹಾಕಿ, ಅದರಿಂದ ಹೊರಟ ಬಾಣ ಯಾವ ಸಂಖ್ಯೆಗೆ ಹೋಗಿ ಮುಟ್ಟುತ್ತದೆ ಎಂಬುದನ್ನಷ್ಟೇ ಪಟ್ಟಿ ಮಾಡಬೇಕು:

```
1  ಆರಂಭ                     → 2
2  ತಪ್ಪು = 0                  → 3
3  ಪಿನ್ ಓದು                  → 4
4  ಪಿನ್ ಸರಿಯೇ?               ಹೌದು → 7   ಇಲ್ಲ → 5
5  ತಪ್ಪು = ತಪ್ಪು + 1           → 6
6  ತಪ್ಪು = 3 ಆಯಿತೇ?          ಹೌದು → 12  ಇಲ್ಲ → 3
7  ಮೊತ್ತ ಓದು                 → 8
8  ಮೊತ್ತ 100ರ ಗುಣಕವೇ?        ಹೌದು → 9   ಇಲ್ಲ → 7
9  ಮೊತ್ತ <= ಬ್ಯಾಲೆನ್ಸ್?         ಹೌದು → 10  ಇಲ್ಲ → 11
10 ಹಣ ಕೊಡು, ಬ್ಯಾಲೆನ್ಸ್ ಕಳೆ     → 13
11 "ಹಣ ಸಾಲದು" ತೋರಿಸು        → 13
12 ಕಾರ್ಡ್ ತಡೆಹಿಡಿ             → 14
13 ಕಾರ್ಡ್ ಹಿಂತಿರುಗಿಸು          → 14
14 ಮುಕ್ತಾಯ
```

ಈಗ ಲೆಕ್ಕ ನೋಡಿ. ಇಲ್ಲಿರುವ ಚೌಕಟ್ಟುಗಳು 14. ಅವುಗಳಲ್ಲಿ 4 ವಜ್ರಾಕೃತಿ; ಒಂದೊಂದರಿಂದ ಎರಡು ಬಾಣ ಹೊರಟರೆ 8 ಆಯಿತು. ಮುಕ್ತಾಯದಿಂದ ಬಾಣವೇ ಹೊರಡುವುದಿಲ್ಲ. ಉಳಿದ 9 ಚೌಕಟ್ಟುಗಳಿಂದ ಒಂದೊಂದು. ಒಟ್ಟು 17. ಚಿತ್ರದ ಬಾಣಗಳನ್ನು ಪ್ರತ್ಯೇಕವಾಗಿ ಎಣಿಸಿದಾಗಲೂ 17 ಬರಬೇಕು. 16 ಬಂದರೆ ಎಲ್ಲೋ ಒಂದು ಗೆರೆ ಕಣ್ತಪ್ಪಿದೆ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆಯುವಾಗ ಅಂಚಿನಲ್ಲಿ ಕತ್ತರಿಸಿಹೋಗಿದೆ. ಈ ಎಣಿಕೆಗೆ ಒಂದು ನಿಮಿಷವೂ ಬೇಡ. ಆದರೂ ಇದನ್ನು ಮಾಡುವವರು ಕಡಿಮೆ ಎನ್ನುವುದು ನನಗೆ ಬೇಸರದ ಸಂಗತಿ.

ಸ್ಕ್ರೀನ್‌ಶಾಟ್ ಆಗಿರುವುದರಿಂದಲೇ ಬರುವ ತೊಂದರೆಗಳೂ ಇವೆ. ಎರಡು ಗೆರೆಗಳು ಒಂದನ್ನೊಂದು ದಾಟಿ ಹೋದರೆ, ಅವು ಅಲ್ಲಿ ಕೂಡಿವೆಯೋ ಸುಮ್ಮನೆ ಹಾದುಹೋಗಿವೆಯೋ ಎಂಬ ಅನುಮಾನ ಬರುತ್ತದೆ. ಆಗ ಬಾಣದ ಮೊನೆಯಿಂದ ಹಿಂದಕ್ಕೆ ಬೆರಳಿಟ್ಟುಕೊಂಡು ಹೋದರೆ ಹೆಚ್ಚಾಗಿ ಬಗೆಹರಿಯುತ್ತದೆ. ‘ಎ’ ಎಂದು ಬರೆದ ಪುಟ್ಟ ವೃತ್ತ ಕಂಡರೆ ಅದು ಕೆಲಸವಲ್ಲ, ಗೆರೆ ಅಲ್ಲಿಂದ ಇನ್ನೊಂದು ‘ಎ’ ವೃತ್ತಕ್ಕೆ ಹಾರುತ್ತದೆ ಎಂಬ ಗುರುತು. ಆ ಇನ್ನೊಂದು ವೃತ್ತ ಚಿತ್ರದಲ್ಲೇ ಇಲ್ಲದಿದ್ದರೆ ಮುಂದಿನ ಪುಟವನ್ನು ಕೇಳಿ ಪಡೆಯಲೇಬೇಕು. ವಜ್ರಾಕೃತಿಯ ಪಕ್ಕದ ‘ಹೌದು’, ‘ಇಲ್ಲ’ ಮಸುಕಾಗಿದ್ದಾಗ ಊಹಿಸಿ ತುಂಬುವುದು ಎಲ್ಲಕ್ಕಿಂತ ಅಪಾಯ. ಕೆಳಕ್ಕೆ ಹೋಗುವುದು ಯಾವಾಗಲೂ ‘ಹೌದು’ ಆಗಿರಬೇಕೆಂಬ ನಿಯಮವಿಲ್ಲ. ಪಟ್ಟಿಯಲ್ಲಿ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಚಿತ್ರ ಕಳಿಸಿದವರನ್ನು ಕೇಳುವುದೇ ಸರಿ.

ಮೇಲಿನ ಪಟ್ಟಿಯೂ ಒಂದು ಬಗೆಯ ಸ್ಯೂಡೋಕೋಡೇ. ಆದರೆ ‘7ಕ್ಕೆ ಹೋಗು, 3ಕ್ಕೆ ಹೋಗು’ ಎಂಬ ಜಿಗಿತಗಳಿಂದ ಓದುವುದು ಕಷ್ಟ. 1966ರಲ್ಲಿ ಬೋಮ್ ಮತ್ತು ಯಾಕೋಪಿನಿ ಎಂಬ ಇಬ್ಬರು, ಇಂಥ ಯಾವ ಚಿತ್ರವನ್ನಾದರೂ ಅನುಕ್ರಮ, ಆಯ್ಕೆ, ಪುನರಾವರ್ತನೆ ಎಂಬ ಮೂರೇ ರೂಪಗಳಲ್ಲಿ ಬರೆಯಬಹುದು ಎಂದು ತೋರಿಸಿದರು. ಕೆಲವೊಮ್ಮೆ ನೆನಪಿಗೆಂದು ಒಂದೆರಡು ಹೆಚ್ಚುವರಿ ಚರಾಕ್ಷರ ಬೇಕಾಗುತ್ತದೆ, ಅಷ್ಟೇ.

ಹಾಗೆ ಬರೆಯಲು ಎರಡು ಸಂಗತಿ ಗಮನಿಸಿದರೆ ಸಾಕು. ಚಿಕ್ಕ ಸಂಖ್ಯೆಗೆ ಹಿಂತಿರುಗುವ ಬಾಣ ಇದ್ದರೆ ಅಲ್ಲೊಂದು ಪುನರಾವರ್ತನೆ ಇದೆ: 6ರಿಂದ 3ಕ್ಕೆ, 8ರಿಂದ 7ಕ್ಕೆ. ಹಿಂತಿರುಗದೆ ಮುಂದಕ್ಕೇ ಹೋಗುವ ಎರಡು ಕವಲುಗಳಿದ್ದರೆ, ಅವೆರಡೂ ಮತ್ತೆ ಸೇರುವ ಮೊದಲ ಚೌಕಟ್ಟು ಯಾವುದೆಂದು ಹುಡುಕಬೇಕು. 9ರ ಕವಲುಗಳು 13ರಲ್ಲಿ ಸೇರುತ್ತವೆ. ಹಾಗಾಗಿ ‘ಕಾರ್ಡ್ ಹಿಂತಿರುಗಿಸು’ ಎರಡೂ ಕವಲುಗಳ ಹೊರಗೆ ಬರಬೇಕು. ಅದನ್ನು ‘ಹೌದು’ ಕವಲಿನ ಒಳಗೆ ಸೇರಿಸಿದರೆ, ಹಣ ಸಾಲದವನ ಕಾರ್ಡು ಯಂತ್ರದೊಳಗೇ ಉಳಿಯುತ್ತದೆ.

ಪಿನ್ ಕೇಳುವ ಸುತ್ತಿಗೆ ಹೊರಬರುವ ದಾರಿ ಎರಡು: ಪಿನ್ ಸರಿಯಾದರೆ 4ರಿಂದ, ಮೂರು ಬಾರಿ ತಪ್ಪಿದರೆ 6ರಿಂದ. ಹೇಗೆ ಹೊರಬಂದೆವು ಎಂಬ ನೆನಪಿಗೆ ಇಲ್ಲಿ ‘ಸರಿ’ ಎಂಬ ಚರಾಕ್ಷರ ಬೇಕಾಗುತ್ತದೆ.

```
ತಪ್ಪು = 0
ಸರಿ = ಇಲ್ಲ
(ಸರಿ == ಇಲ್ಲ) ಮತ್ತು (ತಪ್ಪು < 3) ಇರುವವರೆಗೆ:
    ಪಿನ್ ಓದು
    ಪಿನ್ ಸರಿಯಾದರೆ:
        ಸರಿ = ಹೌದು
    ಇಲ್ಲದಿದ್ದರೆ:
        ತಪ್ಪು = ತಪ್ಪು + 1
ಸರಿ == ಇಲ್ಲ ಆದರೆ:
    ಕಾರ್ಡ್ ತಡೆಹಿಡಿ
ಇಲ್ಲದಿದ್ದರೆ:
    ಮೊತ್ತ ಓದು
    ಮೊತ್ತ 100ರ ಗುಣಕವಲ್ಲದಿರುವವರೆಗೆ:
        ಮೊತ್ತ ಓದು
    ಮೊತ್ತ <= ಬ್ಯಾಲೆನ್ಸ್ ಆದರೆ:
        ಹಣ ಕೊಡು
        ಬ್ಯಾಲೆನ್ಸ್ = ಬ್ಯಾಲೆನ್ಸ್ - ಮೊತ್ತ
    ಇಲ್ಲದಿದ್ದರೆ:
        "ಹಣ ಸಾಲದು" ತೋರಿಸು
    ಕಾರ್ಡ್ ಹಿಂತಿರುಗಿಸು
```

6ನೇ ವಜ್ರಾಕೃತಿ ಇಲ್ಲಿ ಪ್ರತ್ಯೇಕ ಸಾಲಾಗಿ ಕಾಣುವುದಿಲ್ಲ. ಅದರ ಪ್ರಶ್ನೆ `ತಪ್ಪು < 3` ಎಂಬುದರೊಳಗೆ ಸೇರಿಕೊಂಡಿದೆ. ಕವಲು ಕಳೆದುಹೋಗಿಲ್ಲ, ರೂಪ ಬದಲಾಗಿದೆ. ಇಂಥ ಕಡೆಯೇ ಪರೀಕ್ಷೆ ಬೇಕಾಗುವುದು.

ಚಿತ್ರದ ಮೇಲೆ ಮೂರು ಬಾರಿ ನಡೆದರೆ 17 ಬಾಣಗಳೂ ಮುಗಿಯುತ್ತವೆ. ಮೊದಲ ಬಾರಿ ಪಿನ್ ಒಮ್ಮೆ ತಪ್ಪು, ಆಮೇಲೆ ಸರಿ. ಮೊತ್ತ ಮೊದಲು 250, ಆಮೇಲೆ 500. ಖಾತೆಯಲ್ಲಿ ಹಣ ಇದೆ. ಇಷ್ಟರಲ್ಲೇ 13 ಬಾಣಗಳ ಮೇಲೆ ಗುರುತು ಬೀಳುತ್ತದೆ. ಎರಡನೆಯ ಬಾರಿ ಪಿನ್ ಸರಿ, ಆದರೆ ಹಣ ಸಾಲದು: ಹೊಸದಾಗಿ ಎರಡು. ಮೂರನೆಯ ಬಾರಿ ಪಿನ್ ಮೂರು ಸಲವೂ ತಪ್ಪು: ಉಳಿದ ಎರಡು. ಪ್ರತಿ ನಡಿಗೆಯನ್ನೂ ಪಕ್ಕದ ಸ್ಯೂಡೋಕೋಡ್‌ನಲ್ಲಿ ಸಾಲು ಸಾಲಾಗಿ ಓದಿ, ಎರಡೂ ಕಡೆ ಅದೇ ಕೆಲಸಗಳು ಅದೇ ಕ್ರಮದಲ್ಲಿ ಬರುತ್ತವೆಯೇ ನೋಡಬೇಕು. `ತಪ್ಪು < 3` ಬದಲು `ತಪ್ಪು <= 3` ಎಂದು ಬರೆದಿದ್ದರೆ ಮೂರನೆಯ ನಡಿಗೆಯಲ್ಲಿ ಯಂತ್ರ ನಾಲ್ಕನೆಯ ಸಲ ಪಿನ್ ಕೇಳುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಮೊದಲ ನಡಿಗೆಯೊಂದನ್ನೇ ನೋಡಿದ್ದರೆ ಅದು ಗೊತ್ತಾಗುತ್ತಿರಲಿಲ್ಲ.

ಹೀಗೆ ನಡೆಯುವಾಗ ಚಿತ್ರದ್ದೇ ಕೊರತೆಗಳೂ ಕಾಣುತ್ತವೆ. ಸೊನ್ನೆಯೂ 100ರ ಗುಣಕವೇ ಆದ್ದರಿಂದ, ಮೊತ್ತ 0 ಎಂದು ಒತ್ತಿದವನು 8ನ್ನು ದಾಟಿ ಮುಂದೆ ಹೋಗುತ್ತಾನೆ. 250 ಎಂದೇ ಪಟ್ಟು ಹಿಡಿದವನಿಗೆ 7 ಮತ್ತು 8ರ ಸುತ್ತಿನಿಂದ ಹೊರಬರುವ ದಾರಿಯೇ ಇಲ್ಲ, ರದ್ದು ಮಾಡುವ ಬಾಣವನ್ನು ಯಾರೂ ಎಳೆದಿಲ್ಲ. ಇವನ್ನು ಸ್ಯೂಡೋಕೋಡ್‌ನಲ್ಲಿ ಸದ್ದಿಲ್ಲದೆ ತಿದ್ದಿಬಿಟ್ಟರೆ ಬರಹಕ್ಕೂ ಚಿತ್ರಕ್ಕೂ ತಾಳೆಯಾಗುವುದಿಲ್ಲ, ಎಣಿಸಿದ ಲೆಕ್ಕವೂ ಕೆಡುತ್ತದೆ. ಚಿತ್ರದಲ್ಲಿ ಇದ್ದಂತೆಯೇ ಬರೆದು, ‘8: ಸೊನ್ನೆಗೆ ತಡೆಯಿಲ್ಲ, ರದ್ದತಿಗೆ ದಾರಿಯಿಲ್ಲ’ ಎಂದು ಅಂಚಿನಲ್ಲಿ ಟಿಪ್ಪಣಿ ಹಾಕಿ, ಚಿತ್ರ ಬರೆದವರಿಗೆ ಕಳಿಸಬೇಕು.