ಇನ್ನೂರು ಮಿಲಿಸೆಕೆಂಡಿನ ಗಡುವು

ರಾಯಚೂರಿನ ಶಾಖೋತ್ಪನ್ನ ಕೇಂದ್ರದ 210 ಮೆಗಾವ್ಯಾಟ್ ಯಂತ್ರದ ರೋಟರ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಗ್ರಿಡ್ಡಿನ ಉಳಿದ ಯಂತ್ರಗಳೂ ಅದೇ 50 ಹರ್ಟ್ಸ್ ತಾಳಕ್ಕೆ ಕಟ್ಟುಬಿದ್ದಿವೆ. ವಿದ್ಯುತ್ ಕೊಡುತ್ತಿರುವ ರೋಟರ್ ಮಾತ್ರ ಗ್ರಿಡ್ಡಿಗಿಂತ ಕೊಂಚ ಮುಂದೆ ಓಡುತ್ತಿರುತ್ತದೆ. ಈ ಅಂತರವನ್ನು ಡಿಗ್ರಿಯಲ್ಲಿ ಅಳೆದು ರೋಟರ್ ಕೋನ ಎನ್ನುತ್ತಾರೆ.

ಇಂಥದೊಂದು ಯಂತ್ರ ದೊಡ್ಡ ಗ್ರಿಡ್ಡಿಗೆ ಸೇರಿದೆ ಎನ್ನಿ. ಗ್ರಿಡ್ ಎಷ್ಟು ದೊಡ್ಡದೆಂದರೆ ಇದು ಏನು ಮಾಡಿದರೂ ಅದರ ವೋಲ್ಟೇಜು, ಆವರ್ತನ ಕದಲುವುದಿಲ್ಲ. ಇಂಜಿನಿಯರುಗಳ ಬಾಯಲ್ಲಿ ಅದು ‘ಇನ್‌ಫೈನೈಟ್ ಬಸ್’. ಟರ್ಬೈನು 1 ಪಾಲು ಶಕ್ತಿ ಕೊಡುತ್ತಿದೆ, ಲೈನು ಹೆಚ್ಚೆಂದರೆ 2 ಪಾಲು ಸಾಗಿಸಬಲ್ಲದು. ಸಾಗುವ ಶಕ್ತಿ 2 sin δ ಆದ್ದರಿಂದ ಕೋನ 30 ಡಿಗ್ರಿಯಲ್ಲಿ ನಿಲ್ಲುತ್ತದೆ. 90 ದಾಟಿದರೆ ಶಕ್ತಿ ಇಳಿಯತೊಡಗಿ, 150ರಲ್ಲಿ ಮತ್ತೆ 1 ಪಾಲಿಗೆ ಬರುತ್ತದೆ.

ಕೇಂದ್ರದ ಬಾಗಿಲಲ್ಲೇ, ಪಕ್ಕದೊಂದು ಫೀಡರಿನಲ್ಲಿ ಮೂರೂ ಫೇಸ್ ಶಾರ್ಟ್ ಆಯಿತು. ಗ್ರಿಡ್ಡಿಗೆ ಹೋಗುವ ಶಕ್ತಿ ಸೊನ್ನೆ. ಟರ್ಬೈನಿನ ಗವರ್ನರಿಗೆ ಅಷ್ಟು ಬೇಗ ಹಬೆ ತಗ್ಗಿಸಲಾಗದು. ಹೊರಹೋಗಲಾಗದ ಶಕ್ತಿಯೆಲ್ಲ ರೋಟರಿನ ವೇಗಕ್ಕೆ ಸೇರುತ್ತದೆ. ಇದನ್ನೇ ಸ್ವಿಂಗ್ ಸಮೀಕರಣ ಹೇಳುವುದು:

(2H/ω) · d²δ/dt² = Pm − Pe

Pm ಒಳಬರುವ ಶಕ್ತಿ, Pe ಹೊರಹೋಗುವುದು. ω ಗ್ರಿಡ್ಡಿನ ತಾಳ, ಸೆಕೆಂಡಿಗೆ 314 ರೇಡಿಯನ್. H ರೋಟರಿನ ಜಡತ್ವ. ನಮ್ಮ ಯಂತ್ರಕ್ಕೆ 4 ಸೆಕೆಂಡ್ ಎಂದಿಟ್ಟುಕೊಳ್ಳೋಣ.

ಕೋನ ಎಲ್ಲಿಯವರೆಗೆ ಏರಬಹುದು? ಸಮೀಕರಣ ಬಿಡಿಸದೆಯೇ ಚಿತ್ರದಲ್ಲಿ ಉತ್ತರ ಸಿಗುತ್ತದೆ, ನನಗೆ ಇದರ ಸೊಗಸೇ ಅದು. ಕೋನವನ್ನು ಅಡ್ಡಕ್ಕೆ, ಶಕ್ತಿಯನ್ನು ಮೇಲಕ್ಕೆ ಗುರುತಿಸಿ. ಶಾರ್ಟ್ ಇದ್ದಾಗ ಟರ್ಬೈನಿನ ಗೆರೆಯ ಕೆಳಗೆ ತುಂಬುವ ವಿಸ್ತೀರ್ಣ ರೋಟರ್ ಗಳಿಸಿದ ಹೆಚ್ಚುವರಿ ಶಕ್ತಿ. ಬ್ರೇಕರ್ ಆ ಫೀಡರನ್ನು ಕತ್ತರಿಸಿದ ಮೇಲೆ ವಕ್ರರೇಖೆ ಗೆರೆಗಿಂತ ಮೇಲಿರುತ್ತದೆ. ಆ ವಿಸ್ತೀರ್ಣ ರೋಟರಿನ ಓಟವನ್ನು ತಡೆಯುತ್ತದೆ. 150 ಡಿಗ್ರಿ ತಲುಪುವುದರೊಳಗೆ ಎರಡೂ ಸಮವಾದರೆ ರೋಟರ್ ಹಿಂದಿರುಗುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 79.6 ಡಿಗ್ರಿಯೊಳಗೆ ಶಾರ್ಟ್ ತೊಲಗಬೇಕು. ರೋಟರ್ ಅಲ್ಲಿಗೆ ಮುಟ್ಟಲು 0.21 ಸೆಕೆಂಡ್ ಸಾಕು.

400 ಕಿಲೋವೋಲ್ಟ್ ಲೈನಿನಲ್ಲಿ ರಿಲೇ ಮತ್ತು ಬ್ರೇಕರ್ ಸೇರಿ 0.1 ಸೆಕೆಂಡಿನೊಳಗೆ ಕೆಲಸ ಮುಗಿಸಬೇಕೆಂಬುದು ನಮ್ಮ ದೇಶದ ನಿಯಮ. ಅಷ್ಟರಲ್ಲಿ ಕೋನ 41ಕ್ಕೆ ಬಂದಿರುತ್ತದೆ. ಆಮೇಲೆ 62ರ ಹತ್ತಿರ ಹೋಗಿ ತೂಗಾಡುತ್ತಾ ಮರಳುತ್ತದೆ. ಬ್ರೇಕರ್ ಕಚ್ಚಿಕೊಂಡು, ಹಿಂದಿನ ಬ್ರೇಕರುಗಳು 0.3 ಸೆಕೆಂಡಿಗೆ ತೆರೆದರೋ, ಕೋನ 131 ದಾಟಿರುತ್ತದೆ. ತಡೆಯಲು ಉಳಿದ ವಿಸ್ತೀರ್ಣ ಏನೇನೂ ಸಾಲದು. ಯಂತ್ರ ತಾಳ ತಪ್ಪುತ್ತದೆ. ಮೀಟರುಗಳಲ್ಲಿ ಕರೆಂಟು, ವೋಲ್ಟೇಜು ಏರಿಳಿಯುತ್ತಿರುವಾಗಲೇ ಪೋಲ್ ಸ್ಲಿಪ್ ರಿಲೇ ಅದನ್ನು ಕಳಚುತ್ತದೆ.

ಶಾರ್ಟ್ ಆದದ್ದು ಜೋಡಿ ಲೈನಿನ ಒಂದರಲ್ಲೇ ಆಗಿದ್ದರೆ ಲೆಕ್ಕ ಇನ್ನೂ ಬಿಗಿ. ಅದನ್ನು ತೆಗೆದ ಮೇಲೆ ಉಳಿದ ಲೈನು 2 ಪಾಲು ಸಾಗಿಸಲಾರದು; ವಕ್ರರೇಖೆ ತಗ್ಗುತ್ತದೆ, ಗಡುವೂ ಕುಗ್ಗುತ್ತದೆ. ಈ ಚಿತ್ರ ಕೋನದ ಮಿತಿ ಕೊಡುತ್ತದೆ, ಮೊದಲ ತೂಗಾಟವನ್ನಷ್ಟೇ ನೋಡುತ್ತದೆ. ಹತ್ತಾರು ಯಂತ್ರಗಳು ಒಟ್ಟಿಗೆ ತೂಗಾಡುವಾಗ ಸ್ವಿಂಗ್ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಯಾಗಿ ಬಿಡಿಸದೆ ವಿಧಿಯಿಲ್ಲ.