ಹಾಲಿನ ಗಾಡಿಯ ಶಾಕಪ್

ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಬದಿಯ ಗ್ಯಾರೇಜಿಗೆ ಹಾಲು ಹಾಕಿ ಮುಗಿಸಿದ ಸ್ಪ್ಲೆಂಡರ್ ಒಂದು ಬಂದಿದೆ. ಹರಿಹರದ ಹೊಳೆಯಾಚೆಯ ಹಳ್ಳಿಯದು. ಹಿಂಬದಿಯ ಎರಡೂ ಕಡೆ 20 ಲೀಟರಿನ ಒಂದೊಂದು ಕ್ಯಾನು. ಗುಂಡಿಗೆ ಬಿದ್ದರೆ ಹಿಂದೆ ಧಡ್ ಎನ್ನುತ್ತದೆ, ನಸುಕಿನಲ್ಲಿ ಹೆಡ್‌ಲೈಟು ರಸ್ತೆ ಬಿಟ್ಟು ಮರದ ಮೇಲೆ ಬೀಳುತ್ತದೆ.

"ಕ್ಯಾನಿಗೆ ನೀರು ತುಂಬ್ರಿ ಅಣ್ಣಾ, ಹೆಚ್ಚುಕಮ್ಮಿ ಹಾಲಿನಷ್ಟೇ ತೂಕ ಬರ್ತತಿ," ಎಂದ ಮೆಕ್ಯಾನಿಕ್ ಟೇಪು ಹಿಡಿದ. ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ತೂಗುತ್ತಿರುವಾಗ ಅಚ್ಚಿನಿಂದ ಮೇಲಿನ ಮಡ್‌ಗಾರ್ಡಿನ ಗುರುತಿನವರೆಗೆ ಒಂದು ಅಳತೆ. ಭಾರ ಹೊತ್ತು ಸವಾರ ಕೂತ ಮೇಲೆ ಇನ್ನೊಂದು. ನಡುವಿನ ವ್ಯತ್ಯಾಸ 48 ಮಿ.ಮೀ. ಶಾಕಪ್ ಓಡಾಡುವುದೇ 80ರ ಆಸುಪಾಸು. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಕೂತಲ್ಲೇ ಮುಗಿದರೆ ಗುಂಡಿಗೆ ಉಳಿಯುವುದೇನು? ಮೂರನೆಯ ಒಂದು ಭಾಗದಷ್ಟು ಕುಸಿದರೆ ಸರಿ.

ಸ್ಪ್ರಿಂಗಿನ ಬುಡದ ಕಾಲರಿಗೆ ಐದು ಮೆಟ್ಟಿಲು. ಕೊಕ್ಕೆ ಸ್ಪ್ಯಾನರ್ ಸಿಕ್ಕಿಸಿ ತಿರುಗಿಸಿದರೆ ಸ್ಪ್ರಿಂಗು ಮೊದಲೇ ಅಷ್ಟು ಒತ್ತಿಕೊಂಡು ಗಾಡಿಯ ಹಿಂಭಾಗ ಎದ್ದು ನಿಲ್ಲುತ್ತದೆ. ಸ್ಪ್ರಿಂಗಿನ ಗಡಸುತನ ಮಾತ್ರ ಹೆಚ್ಚುವುದಿಲ್ಲ, ಗಾಡಿ ಹೊರಬಲ್ಲ ತೂಕವೂ ಹೆಚ್ಚುವುದಿಲ್ಲ. ನಾಲ್ಕನೇ ಮೆಟ್ಟಿಲಿಗೆ ವ್ಯತ್ಯಾಸ 33ಕ್ಕೆ ಇಳಿಯಿತು. ಆದರೂ ಅವನು ಮೂರಕ್ಕೇ ಬಿಟ್ಟ. ವಾಪಸ್ ಹೋಗುವಾಗ ಕ್ಯಾನು ಖಾಲಿ, ನಾಲ್ಕರಲ್ಲಿ ಸೀಟು ಪುಟಿದು ಸವಾರನನ್ನು ಎತ್ತಿ ಹಾಕುತ್ತದೆ. ಇದು ನನಗೆ ಸರಿಯೆನಿಸಿತು. ದಿನವೂ ಸ್ಪ್ಯಾನರ್ ಹಿಡಿಯುವವರು ಯಾರು? ಎಡಬಲ ಎರಡೂ ಒಂದೇ ಮೆಟ್ಟಿಲಲ್ಲಿವೆಯೇ ಎಂದು ಬೆರಳಿಟ್ಟು ನೋಡಿದ. ಇಲ್ಲದಿದ್ದರೆ ಚಕ್ರದ ಮೇಲೆ ಒಂದೇ ಕಡೆಯ ಒತ್ತಡ.

ಮುಂದಿನ ಬಲ ಫೋರ್ಕಿನ ಹೊಳಪು ರಾಡಿನ ಮೇಲೆ ಧೂಳು ಮೆತ್ತಿದ ಎಣ್ಣೆಯ ಬಳೆ. ಆಯಿಲ್ ಸೀಲು ಹೋಗಿದೆ. ಕೆಳಗಿನ ಬೋಲ್ಟು ಬಿಚ್ಚಿದರೆ ಬೂದು ಬಣ್ಣದ ಎಣ್ಣೆ, ಎಡಗಾಲಿಗಿಂತ ಕಡಿಮೆ.

"ದಪ್ಪ ಆಯಿಲ್ ಹಾಕ್ಬಿಡಪ್ಪ, ಗುಂಡಿ ರಸ್ತೆ."

"ಬ್ಯಾಡಣ್ಣ. ಒಂದು ಗುಂಡಿಗೆ ಇಳಿದ ಫೋರ್ಕ್ ಮ್ಯಾಲೆ ಬರೋದ್ರಾಗೆ ಇನ್ನೊಂದು ಗುಂಡಿ ಬಂದಿರ್ತತಿ. ಕೈಯೇ ಹೊಡ್ಕಂತತಿ."

ಎಣ್ಣೆಯ ಕೆಲಸ ಭಾರ ಹೊರುವುದಲ್ಲ, ಸ್ಪ್ರಿಂಗಿನ ಓಟವನ್ನು ಹಿಡಿದು ನಿಧಾನ ಮಾಡುವುದು. ಕಂಪನಿ ಹೇಳಿದ ದರ್ಜೆಯದನ್ನೇ ಅಳತೆ ಲೋಟದಲ್ಲಿ ಸುರಿದು, ಎರಡೂ ಕಾಲಿಗೆ ಸಮನಾಗಿ ಹಾಕಿದ. ಮುಚ್ಚುವ ಮೊದಲು ಗಾಳಿ ಹೋಗಲೆಂದು ರಾಡನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದ. ಸೀಲು ಕೂರಿಸುವ ಮುಂಚೆ ರಾಡಿನುದ್ದಕ್ಕೂ ಉಗುರು ಎಳೆದು ನೋಡಿದ್ದ. ತುಕ್ಕಿನ ಕಚ್ಚು ಉಗುರಿಗೆ ಸಿಕ್ಕಿದರೆ ಹೊಸ ಸೀಲೂ ಬಾಳುವುದಿಲ್ಲ, ಆಗ ರಾಡನ್ನೇ ಬದಲಿಸಬೇಕು.

ಸವಾರ ಹೊರಟ. ವಾರ ಬಿಟ್ಟು ರಾಡು ಒರೆಸಿ, ಹರಿಹರದ ಸೇತುವೆ ದಾಟಿ ಬಂದ ಮೇಲೆ ಮತ್ತೆ ಎಣ್ಣೆಯ ಬಳೆ ಮೂಡಿದೆಯೇ ನೋಡಲು ಅವನಿಗೆ ಹೇಳಿಯಾಗಿದೆ.